1.07ರ ಹತ್ತನೇ ಘಾತ: ಲಾಗ್ ಹಿಡಿದು ಮಾಡಿದ ಕೈಲೆಕ್ಕ

ವರ್ಷಕ್ಕೆ ಶೇಕಡಾ 7ರಂತೆ ಬೆಳೆದರೆ ಹತ್ತು ವರ್ಷದಲ್ಲಿ ಎರಡು ಪಟ್ಟು ಆಗುತ್ತಾ? ಒಮ್ಮೆ ಕೆಲಸದ ಮಾತಿನ ನಡುವೆ ಈ ಪ್ರಶ್ನೆ ಬಂತು. ನನ್ನ ಹತ್ತಿರ ಇದ್ದದ್ದು ಪೆನ್ನು, ಹಾಳೆ. "ಆಗುತ್ತೆ, ಎರಡಕ್ಕಿಂತ ಚೂರು ಜಾಸ್ತಿಯೇ ಆಗುತ್ತೆ" ಎಂದುಬಿಟ್ಟೆ. ಹೇಳಿದ್ದು ತಪ್ಪಾಗಿತ್ತು.

ನಾನು ಮಾಡಿದ್ದು ಇಷ್ಟೇ. x ಚಿಕ್ಕದಿದ್ದರೆ ln(1+x) ಹೆಚ್ಚುಕಮ್ಮಿ x ಅಷ್ಟೇ ಇರುತ್ತದೆ. ಹಾಗಾಗಿ ln 1.07 ಎಂದರೆ 0.07 ಎಂದುಕೊಂಡೆ. ಘಾತ ಹತ್ತು ಇರುವುದರಿಂದ ಹತ್ತರಿಂದ ಗುಣಿಸಿದರೆ 0.7. ln 2 ಎಂದರೆ 0.6931 ಎನ್ನುವುದು ಬಾಯಿಪಾಠ. 0.7 ಅದಕ್ಕಿಂತ ಹೆಚ್ಚು, ಅಂದಮೇಲೆ ಉತ್ತರ ಎರಡನ್ನು ದಾಟಬೇಕು ಅಲ್ವಾ?

ಸಂಜೆ ಯಾಕೋ ಅನುಮಾನ ಬಂದು ಗುಣಾಕಾರಕ್ಕೇ ಕೂತೆ. 1.07ರ ವರ್ಗ 1.1449. ಅದರ ವರ್ಗ 1.3108. ಅದರದೂ ವರ್ಗ ಮಾಡಿದರೆ 1.7182, ಅದು ಎಂಟನೇ ಘಾತ. (ಇದು e − 1ಕ್ಕೆ ತೀರಾ ಹತ್ತಿರ ಇದೆ. ಬರೀ ಕಾಕತಾಳೀಯ, ಅರ್ಥ ಹುಡುಕಬೇಡಿ.) ಇನ್ನೊಮ್ಮೆ 1.1449ರಿಂದ ಗುಣಿಸಿದರೆ 1.9672. ಎರಡಕ್ಕೆ ತಲುಪಲೇ ಇಲ್ಲ.

ನಾನು ಕೈಬಿಟ್ಟದ್ದು ಸರಣಿಯ ಎರಡನೇ ಪದವನ್ನು:

```
ln(1+x) = x − x²/2 + x³/3 − ...
```

ಯಾಕೆ ಕಳೆಯಬೇಕು? ನ್ಯಾಚುರಲ್ ಲಾಗ್ ಹೇಳುವುದು ಕ್ಷಣಕ್ಷಣಕ್ಕೂ ಬೆಳೆಯುತ್ತಾ ಹೋಗುವ ದರವನ್ನು. 0.07ರ ದರದಲ್ಲಿ ಹಾಗೆ ಬೆಳೆದರೆ ವರ್ಷದ ಕೊನೆಗೆ 7 ಅಲ್ಲ, ಶೇಕಡಾ 7.25 ಆಗುತ್ತದೆ. ಬೆಳೆದದ್ದರ ಮೇಲೂ ಬೆಳವಣಿಗೆ ಕೂಡಿಕೊಳ್ಳುತ್ತದಲ್ಲ. ಸರಿಯಾಗಿ 7 ಬೇಕೆಂದರೆ ದರ ಸ್ವಲ್ಪ ಕಡಿಮೆ ಇರಬೇಕು.

ಎಷ್ಟು ಕಡಿಮೆ? 0.0049ರ ಅರ್ಧ, ಅಂದರೆ 0.00245. ಬಿಟ್ಟರೇನು ಎನ್ನಿಸುವಷ್ಟು ಚಿಕ್ಕದು. ಆದರೆ ಘಾತ ಅದನ್ನೂ ಹತ್ತರಿಂದ ಗುಣಿಸುತ್ತದೆ, 0.0245 ಆಗುತ್ತದೆ. ನನ್ನ 0.7ಕ್ಕೂ ln 2ಕ್ಕೂ ಇದ್ದ ಅಂತರ ಬರೀ 0.007. ಬಿಟ್ಟ ಪದ ಅದರ ಮೂರು ಪಟ್ಟಿಗಿಂತ ಹೆಚ್ಚಿತ್ತು. ಉತ್ತರ ತಿರುಗಿಬಿದ್ದದ್ದು ಅಲ್ಲೇ.

ಈಗ ನಾನು ಹೀಗೆ ಮಾಡುತ್ತೇನೆ. 0.07ರಲ್ಲಿ 0.00245 ಕಳೆದರೆ 0.06755, ಹತ್ತು ಪಟ್ಟು 0.6755. ಇನ್ನು ಲಾಗ್‌ನಿಂದ ವಾಪಸ್ ಬರಬೇಕು. e^0.6755 ಅನ್ನು ನೇರವಾಗಿ ಲೆಕ್ಕ ಹಾಕಲು ಹೋಗುವುದಿಲ್ಲ, ಅದು ಸುಮ್ನೆ ತಲೆನೋವು. ಗೊತ್ತಿರುವ ln 2 ಪಕ್ಕದಲ್ಲೇ ಇದೆ. ಅದಕ್ಕಿಂತ 0.0176 ಕಡಿಮೆ ಬಂದಿದೆ, ಅಂದರೆ ಉತ್ತರ ಎರಡಕ್ಕಿಂತ ಸುಮಾರು ಶೇಕಡಾ 1.76 ಕಡಿಮೆ. 2 × 0.9824 = 1.965. ನಿಜವಾದ 1.9672ಕ್ಕೆ ಹೋಲಿಸಿದರೆ ತಪ್ಪು ಸಾವಿರಕ್ಕೆ ಒಂದರಷ್ಟು. ಮೂರನೇ ಪದವನ್ನೂ ಸೇರಿಸಿದರೆ 1.967 ಬರುತ್ತದೆ. ನನಗೆ ಅಷ್ಟು ಬೇಕಾಗುವುದು ಅಪರೂಪ.

ಈ ಅನುಭವದ ಮೇಲೆ, ಲೆಕ್ಕ ಶುರುಮಾಡುವ ಮೊದಲೇ n × x²/2 ಎಷ್ಟು ಎಂದು ನೋಡಿಬಿಡುತ್ತೇನೆ. ಮೊದಲ ಪದವನ್ನಷ್ಟೇ ನಂಬಿದರೆ ಆಗುವ ತಪ್ಪಿನ ಅಂದಾಜು ಅದು. ಶೇಕಡಾ 1ರ ದರ, ಹತ್ತು ವರ್ಷ ಎಂದರೆ 0.0005, ಕಣ್ಣುಮುಚ್ಚಿ ಬಿಡಬಹುದು. ಶೇಕಡಾ 7, ಮೂವತ್ತು ವರ್ಷ ಎಂದರೆ 0.0735, ಅಂದರೆ ಉತ್ತರವೇ ಸುಮಾರು ಶೇಕಡಾ 7 ಹೆಚ್ಚಾಗಿ ಬರುತ್ತದೆ. ದರವೇ 20 ಆದರೆ ಎರಡು ಪದವೂ ಸಾಲದು: ಹತ್ತು ವರ್ಷಕ್ಕೆ 6.05 ಬರುತ್ತದೆ, ಇರಬೇಕಾದದ್ದು 6.19.

ಇಳಿಕೆಯ ಲೆಕ್ಕದಲ್ಲೂ ಒಮ್ಮೆ ಎಡವಿದ್ದೇನೆ. ವರ್ಷಕ್ಕೆ ಶೇಕಡಾ 7 ಇಳಿಕೆ ಎಂದಾಗ ಹಳೇ ಅಭ್ಯಾಸದಿಂದ ಎರಡನೇ ಪದದ ಚಿಹ್ನೆಯನ್ನೂ ತಿರುಗಿಸಿ −0.07 + 0.00245 ಬರೆದೆ. x² ಯಾವತ್ತೂ ಧನಾತ್ಮಕ, ಹಾಗಾಗಿ ಆ ಪದವನ್ನು ಇಲ್ಲೂ ಕಳೆಯಬೇಕು: −0.07245. ಹತ್ತು ವರ್ಷಕ್ಕೆ −0.7245, ಅರ್ಧಕ್ಕಿಂತ ಸ್ವಲ್ಪ ಕೆಳಗೆ, ಸುಮಾರು 0.485. ನಾನು ಮೊದಲು ಬರೆದದ್ದು ಅರ್ಧಕ್ಕಿಂತ ಮೇಲೆ, 0.509 ಕೊಟ್ಟಿತ್ತು. ತಪ್ಪು ಸಿಕ್ಕಿದ್ದು ಒಂದು ಗುಣಾಕಾರದಿಂದ: 1.07 × 0.93 = 0.9951. ಒಂದಕ್ಕಿಂತ ಕಡಿಮೆ ಇದೆ, ಅಂದಮೇಲೆ ಎರಡು ಲಾಗ್‌ಗಳನ್ನು ಕೂಡಿದರೆ ಋಣಾತ್ಮಕವೇ ಬರಬೇಕು. ನನ್ನ ಹಾಳೆಯಲ್ಲಿ ಸೊನ್ನೆ ಬಂದಿತ್ತು.