ಬೀಗ ಹಾಕಲೇಬೇಕೇ, ಹಾಕಿದರೆ ಒಳ್ಳೆಯದೇ? ಸುರಕ್ಷತಾ ದಾಖಲೆಯ ಶಲ್, ಮಸ್ಟ್, ಶುಡ್, ಮೇ ತಪಾಸಣೆ

ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳದ ಕಡೆಯ ಸಣ್ಣ ಕಾರ್ಖಾನೆಯೊಂದರ ಸುರಕ್ಷತಾ ದಾಖಲೆಯನ್ನು ಕಲ್ಪಿಸಿಕೊಳ್ಳಿ. ಇಂಗ್ಲಿಷ್‌ನಲ್ಲಿದೆ. ಅರ್ಧ ಹಳೆಯ ಕಡತದಿಂದ ಬಂದಿದೆ, ಒಂದಿಷ್ಟು ಯಂತ್ರದ ಕೈಪಿಡಿಯಿಂದ, ಉಳಿದದ್ದು ಆಡಿಟ್ ಆದ ಮೇಲೆ ಸೇರಿಸಿದ್ದು. ಹೀಗೆ ಕೂಡಿಸಿದ ದಾಖಲೆಯಲ್ಲಿ ಒಂದೇ ಕೆಲಸ ಒಂದು ಪುಟದಲ್ಲಿ ಕಡ್ಡಾಯ, ಇನ್ನೊಂದು ಪುಟದಲ್ಲಿ ಬರೀ ಸಲಹೆ. ತಗಡು ಒತ್ತಿ ಆಕಾರ ಕೊಡುವ ಪವರ್ ಪ್ರೆಸ್‌ನಲ್ಲಿ ಡೈ, ಅಂದರೆ ಅಚ್ಚು, ಬದಲಿಸುವ ವಿಧಾನವನ್ನೇ ಹಿಡಿದು, ಇದನ್ನು ಹೇಗೆ ಪತ್ತೆ ಮಾಡುವುದು ನೋಡೋಣ.

ಮೊದಲು ಪದಗಳ ಅರ್ಥ ದಾಖಲೆಯಲ್ಲೇ ಬರೆದಿದೆಯೇ ನೋಡಿ. ಐಎಸ್‌ಒ ಮಾನದಂಡಗಳನ್ನು ಬರೆಯುವ ನಿಯಮದ ಪ್ರಕಾರ ಶಲ್ ಎಂದರೆ ಕಡ್ಡಾಯ, ಶುಡ್ ಎಂದರೆ ಶಿಫಾರಸು, ಮೇ ಎಂದರೆ ಅನುಮತಿ. ಮಸ್ಟ್ ಅನ್ನು ಕಾನೂನಿನಂತಹ ಹೊರಗಿನ ಕಟ್ಟುಪಾಡಿಗೆ ಮೀಸಲಿಟ್ಟಿದ್ದಾರೆ. ಇಂಟರ್ನೆಟ್ ತಂತ್ರಜ್ಞರು 1997ರಲ್ಲಿ ಮಾಡಿಕೊಂಡ ನಿಯಮದಲ್ಲಾದರೆ ಮಸ್ಟ್ ಮತ್ತು ಶಲ್‌ಗೆ ಒಂದೇ ತೂಕ. ಯಾವುದನ್ನಾದರೂ ಹಿಡಿಯಿರಿ, ಆದರೆ ಒಂದನ್ನೇ ಹಿಡಿಯಿರಿ. ಕಾರ್ಖಾನೆಯ ದಾಖಲೆಗೆ ಐಎಸ್‌ಒ ಪದ್ಧತಿ ಹೊಂದುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಕೆಲಸದ ಜಾಗದ ಸುರಕ್ಷತೆಯ ಮಾನದಂಡವಾದ ಐಎಸ್‌ಒ 45001 ಓದಿ ಬರುವ ಆಡಿಟರ್‌ಗೂ ಅದೇ ರೂಢಿ.

ಮುಂದೆ ದಾಖಲೆಯಲ್ಲಿ ಈ ಪದಗಳನ್ನು ಒಂದೊಂದಾಗಿ ಹುಡುಕಿ:

```
shall  must  should  may  will  can
```

ಸಿಕ್ಕ ಪ್ರತಿ ವಾಕ್ಯವನ್ನೂ ಎಕ್ಸೆಲ್ ಹಾಳೆಗೆ ಇಳಿಸಿ. ಕಲಮು ಸಂಖ್ಯೆ, ಯಾರು, ಯಾವ ಕೆಲಸ, ಯಾವ ಪದ, ಮಾಡದಿದ್ದರೆ ಏನಾಗುತ್ತದೆ ಎಂದು ಐದು ಕಾಲಂ ಸಾಕು. ಈ ಪದಗಳು ಯಾವುವೂ ಇಲ್ಲದೆ ಸುಮ್ನೆ ‘ಫಿಟ್ಟರ್ ಬೀಗ ಹಾಕುತ್ತಾನೆ’ ಎಂದು ಬರೆದ ವಾಕ್ಯಗಳೂ ಇರುತ್ತವೆ. ಅವು ಹುಡುಕಾಟಕ್ಕೆ ಸಿಗುವುದಿಲ್ಲ, ಕಣ್ಣಿನಿಂದಲೇ ಓದಿ ಹಿಡಿಯಬೇಕು.

ಹಾಳೆ ತುಂಬಿದ ಮೇಲೆ ಪದದ ಪ್ರಕಾರ ಅಲ್ಲ, ಕೆಲಸದ ಪ್ರಕಾರ ಜೋಡಿಸಿ. ತಪಾಸಣೆಯ ಜೀವ ಇರುವುದು ಇಲ್ಲೇ. ನಮ್ಮ ಉದಾಹರಣೆಯಲ್ಲಿ ಬೀಗದ ವಿಷಯ ಹೀಗೆ ಕಾಣುತ್ತದೆ. ಕಲಮು 4.2ರಲ್ಲಿ ಫಿಟ್ಟರ್ ಯಂತ್ರದ ವಿದ್ಯುತ್ ಕಡಿಯುವ ಮೇನ್ ಐಸೊಲೇಟರ್ ಬಂದ್ ಮಾಡಿ, ಬೇರೆಯವರು ಆನ್ ಮಾಡದಂತೆ ಅದಕ್ಕೆ ತನ್ನ ಬೀಗ ಹಾಕಬೇಕು, ಪದ ಶಲ್. ಕೊನೆಯ ಪುಟದ ಚೆಕ್‌ಲಿಸ್ಟ್‌ನಲ್ಲಿ ಅದೇ ಬೀಗಕ್ಕೆ ಶುಡ್. ಕಲಮು 7.3ರಲ್ಲಿ ‘ಸಣ್ಣ ಹೊಂದಾಣಿಕೆಗೆ’ ಬೀಗವಿಲ್ಲದೆ ಕೆಲಸ ಮಾಡಲು ಮೇ. ಯಂತ್ರದ ಪಕ್ಕ ತೂಗುವುದು ಚೆಕ್‌ಲಿಸ್ಟ್ ಮಾತ್ರ. ಹಾಗಾಗಿ ಶಾಪ್‌ನಲ್ಲಿ ನಡೆಯುವುದು ಶುಡ್. ‘ಸಾಹೇಬ್ರ, ಅದು ಹಾಕ್ಲೇಬೇಕೇನ್ರಿ?’ ಎಂದು ಫಿಟ್ಟರ್ ಕೇಳಿದರೆ ತಪ್ಪು ಅವನದಲ್ಲ.

ಯಾವ ಪದ ಉಳಿಯಬೇಕು? ಐದನೇ ಕಾಲಂ ನೋಡಿ. ಮೋಟರ್ ಬಂದ್ ಮಾಡಿದರೂ ಪ್ರೆಸ್‌ನ ಫ್ಲೈವೀಲ್ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಆಗ ಕ್ಲಚ್ ಹಿಡಿದರೆ ಮೇಲಿಂದ ಒತ್ತುವ ಭಾಗವಾದ ರ್ಯಾಮ್ ಕೆಳಗೆ ಬರುತ್ತದೆ. ಡೈ ನಡುವೆ ಕೈ ಇದ್ದರೆ ಕೈ ಹೋಯಿತು. ಆದ್ದರಿಂದ ಬೀಗ, ಫ್ಲೈವೀಲ್ ಪೂರ್ತಿ ನಿಲ್ಲುವ ತನಕ ಕಾಯುವುದು, ರ್ಯಾಮ್ ಕೆಳಗೆ ಸೇಫ್ಟಿ ಬ್ಲಾಕ್ ಇಡುವುದು, ಈ ಮೂರಕ್ಕೂ ಎಲ್ಲ ಕಡೆ ಶಲ್. ಡೈ ಟ್ರಾಲಿಯನ್ನು ಎಡಬದಿಗೆ ನಿಲ್ಲಿಸುವುದು ಅನುಕೂಲದ ಮಾತು, ಅದು ಶುಡ್ ಆಗಿಯೇ ಇರಲಿ. ಭಯಕ್ಕೆ ಎಲ್ಲವನ್ನೂ ಶಲ್ ಮಾಡುವವರಿದ್ದಾರೆ. ಹಾಗೆ ಮಾಡಿದರೆ ಟ್ರಾಲಿಯೂ ಬೀಗವೂ ಒಂದೇ ತೂಕಕ್ಕೆ ಬರುತ್ತವೆ, ಜೊತೆಗೆ ಟ್ರಾಲಿ ಬಲಕ್ಕೆ ನಿಂತ ದಿನ ಆಡಿಟರ್ ಅದನ್ನೂ ಲೋಪ ಎಂದು ಬರೆಯುತ್ತಾರೆ.

ಕಲಮು 7.3ರ ಮೇ ಮಾತ್ರ ಪದ ಬದಲಿಸಿದರೆ ಮುಗಿಯುವುದಿಲ್ಲ. ಸಣ್ಣ ಹೊಂದಾಣಿಕೆ ಎಂದರೆ ಯಾವುದು, ಯಾರು ಅನುಮತಿ ಕೊಡಬೇಕು, ಬೀಗದ ಬದಲು ಏನು ರಕ್ಷಣೆ? ಇದಕ್ಕೆ ಮೇಂಟೆನೆನ್ಸ್ ಮತ್ತು ಪ್ರೆಸ್ ಶಾಪ್‌ನವರು ಕೂತು ಉತ್ತರ ಕೊಡಬೇಕು. ಉತ್ತರ ಸಿಗದಿದ್ದರೆ ಆ ಕಲಮನ್ನೇ ತೆಗೆಯಿರಿ.

ಇನ್ನೆರಡು ಕಡೆ ಗಮನವಿರಲಿ. ‘ಸಾಧ್ಯವಾದಲ್ಲಿ’ ಎಂಬ ಬಾಲ ಇರುವ ಶಲ್ ಹೆಸರಿಗೆ ಮಾತ್ರ ಶಲ್. ಯಾವಾಗ ಸಾಧ್ಯವಿಲ್ಲ ಎಂಬುದನ್ನು ಬಿಡಿಸಿ ಬರೆಯಿರಿ, ಇಲ್ಲವೇ ಬಾಲ ಕತ್ತರಿಸಿ. ಮೇ ನಾಟ್ ಕೂಡ ಎರಡು ಅರ್ಥ ಕೊಡುತ್ತದೆ. ಒಬ್ಬರಿಗೆ ಅದು ‘ಮಾಡಬಾರದು’, ಇನ್ನೊಬ್ಬರಿಗೆ ‘ಮಾಡದೆಯೂ ಇರಬಹುದು’. ನಿಷೇಧಕ್ಕೆ ಶಲ್ ನಾಟ್ ಬಳಸಿ. ಮಸ್ಟ್ ಇರುವ ಕಡೆ ಯಾವ ಕಾನೂನು ಎಂದು ಹೆಸರಿಸಿದೆಯೇ ನೋಡಿ. 1948ರ ಕಾರ್ಖಾನೆ ಕಾಯ್ದೆಯ ಕಲಮು ಕೊಟ್ಟಿದ್ದರೆ, 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯ ಜೊತೆ ತಾಳೆ ಹಾಕಿ.

ಕೊನೆಗೆ ಗೋಡೆಯ ಮೇಲಿನ ಕನ್ನಡ ಬೋರ್ಡು. ಶಲ್‌ಗೆ ‘ಹಾಕಲೇಬೇಕು’, ಶುಡ್‌ಗೆ ‘ಹಾಕುವುದು ಒಳ್ಳೆಯದು’, ಮೇಗೆ ‘ಹಾಕಬಹುದು’, ಶಲ್ ನಾಟ್‌ಗೆ ‘ಹಾಕಬಾರದು’ ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ. ಬರೀ ‘ಹಾಕಬೇಕು’ ಎಂದರೆ ಅದು ಶಲ್‌ಗೂ ಶುಡ್‌ಗೂ ಹೊಂದಿಬಿಡುತ್ತದೆ, ಅಲ್ವಾ? ತಿದ್ದಿದ ಪ್ರತಿಗೆ ಹೊಸ ಪರಿಷ್ಕರಣೆ ಸಂಖ್ಯೆ ಹಾಕಿ, ಪ್ರೆಸ್ ಪಕ್ಕ ತೂಗುವ ಹಳೆಯ ಚೆಕ್‌ಲಿಸ್ಟನ್ನು ಅವತ್ತೇ ತೆಗೆದು ಹೊಸದನ್ನು ತೂಗುಹಾಕಿ.