ದುಬೈ ಕಂಪನಿಯ ಗ್ರಾಚ್ಯುಟಿ ಶೀಟು: ಆಡಿಟರ್‌ಗೆ ಕೊಡುವ ನೋಟ್ ಬರೆಯುವುದು ಹೇಗೆ

ಜನವರಿ ಬಂತು ಅಂದ್ರೆ ಇಲ್ಲಿ ಅಕೌಂಟ್ಸ್ ಕೆಲಸ ಮಾಡುವ ನಮ್ಮವರಿಂದ ಒಂದೇ ಥರದ ಪ್ರಶ್ನೆ ಬರುತ್ತದೆ. "ಗ್ರಾಚ್ಯುಟಿ ಲೆಡ್ಜರ್‌ನಲ್ಲಿ ಒಂದು ಮೊತ್ತ ಇದೆ, ಎಕ್ಸೆಲ್‌ನಲ್ಲಿ ಇನ್ನೊಂದು ಬರ್ತಿದೆ, ಆಡಿಟರ್‌ಗೆ ಏನು ಹೇಳಲಿ?" ಮಂಗಳೂರು, ಉಡುಪಿ ಕಡೆಯಿಂದ ಹೊಸದಾಗಿ ಬಂದವರಿಗೆ ಇದು ಜಾಸ್ತಿ ಗೊಂದಲ. ಊರಲ್ಲಿ ಕಲಿತ 15/26 ಲೆಕ್ಕ ಇಲ್ಲಿ ನಡೆಯುವುದಿಲ್ಲ, ಊರಿನ 5 ವರ್ಷದ ನಿಯಮವೂ ಇಲ್ಲಿಲ್ಲ. ಹಾಗಾಗಿ ಒಂದು ಸಣ್ಣ ಟ್ರೇಡಿಂಗ್ ಕಂಪನಿಯ 2024ರ ಡಿಸೆಂಬರ್ 31ರ ಶೀಟನ್ನು ಲೆಕ್ಕದ ಸಮೇತ ಬಿಡಿಸಿ ಬರೆಯುತ್ತೇನೆ. ಅಂಕಿಗಳು ಉದಾಹರಣೆಗೆ ಮಾಡಿಕೊಂಡವು, ತಪ್ಪುಗಳು ಮಾತ್ರ ನಾನು ದಿನಾ ನೋಡುವಂಥವೇ.

ಮೊದಲು ಕಾನೂನು. ಯುಎಇಯ ಈಗಿನ ಕಾರ್ಮಿಕ ಕಾನೂನು 2021ರ 33ನೇ ಫೆಡರಲ್ ಡಿಕ್ರಿ ಕಾನೂನು, ಜಾರಿಗೆ ಬಂದಿದ್ದು 2022ರ ಫೆಬ್ರವರಿ 2ರಂದು. ಒಂದು ವರ್ಷ ಸೇವೆ ಮುಗಿಸಿದ ವಿದೇಶಿ ನೌಕರನಿಗೆ ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ ಬೇಸಿಕ್. ಕೊನೆಯ ಬೇಸಿಕ್ ಮೇಲೆ ಲೆಕ್ಕ, ಮನೆ ಬಾಡಿಗೆ, ಸಾರಿಗೆ ಭತ್ಯೆ ಯಾವುದೂ ಸೇರುವುದಿಲ್ಲ. ಸಂಬಳವಿಲ್ಲದ ರಜೆಯ ದಿನಗಳು ಸೇವೆಯಿಂದ ಕಳೆಯುತ್ತವೆ. ಒಟ್ಟು ಎರಡು ವರ್ಷದ ಸಂಬಳ ಮೀರಬಾರದು ಅಂತಲೂ ಇದೆ, ಆದರೆ ಆ ಮಿತಿ ಮುಟ್ಟಬೇಕಾದರೆ ಇಪ್ಪತ್ತೈದು ವರ್ಷಕ್ಕಿಂತ ಜಾಸ್ತಿ ಸೇವೆ ಬೇಕು. ನಮ್ಮ ಉದಾಹರಣೆಯಲ್ಲಿ ಅಂಥವರಿಲ್ಲ. ಎಮಿರಾಟಿ ನೌಕರರಿಗೆ ಪಿಂಚಣಿ ವ್ಯವಸ್ಥೆ ಬೇರೆ, ಅವರ ಹೆಸರು ಈ ಶೀಟಿಗೆ ಬರಬಾರದು. ಡಿಐಎಫ್‌ಸಿ ಒಳಗಿನ ಕಂಪನಿಗಳಿಗೆ 2020ರಿಂದ ಪ್ರತಿ ತಿಂಗಳು ಫಂಡ್‌ಗೆ ಹಣ ಕಟ್ಟುವ ಬೇರೆಯೇ ಪದ್ಧತಿ ಇದೆ, ಇಲ್ಲಿ ಬರೆದಿದ್ದು ಅವರಿಗಲ್ಲ.

ಬೇಸಿಕ್ C ಕಾಲಂನಲ್ಲಿ, ಸೇರಿದ ದಿನ D, ವರ್ಷದ ಕೊನೆಯ ದಿನ E, ಸಂಬಳವಿಲ್ಲದ ರಜೆ F, ಸೇವೆಯ ವರ್ಷ G ಅಂತಿಟ್ಟುಕೊಳ್ಳಿ. ಆಗ ಸೂತ್ರ ಇಷ್ಟೇ:

```
G5: =(E5-D5+1-F5)/365
H5: =C5*(MIN(G5,5)*21/30+MAX(G5-5,0))
```

ಒಬ್ಬರ ಲೆಕ್ಕ ನೋಡೋಣ. 2017ರ ಮಾರ್ಚ್ 1ಕ್ಕೆ ಸೇರಿದವರು, ಬೇಸಿಕ್ 6,000 ದಿರ್ಹಮ್. ಎರಡೂ ತುದಿಯ ದಿನ ಸೇರಿಸಿದರೆ 2,863 ದಿನ. ನಡುವೆ ತಾಯಿಗೆ ಹುಷಾರಿಲ್ಲ ಅಂತ 60 ದಿನ ಸಂಬಳವಿಲ್ಲದೆ ಊರಿಗೆ ಹೋಗಿದ್ದರು. ಉಳಿದಿದ್ದು 2,803 ದಿನ, ಅಂದರೆ 7.68 ವರ್ಷ. ಮೊದಲ 5 ವರ್ಷಕ್ಕೆ ಮೂರೂವರೆ ತಿಂಗಳ ಬೇಸಿಕ್, 21,000. ಉಳಿದ 2.68 ವರ್ಷಕ್ಕೆ 16,077. ಒಟ್ಟು 37,077. ರಜೆ ಕಳೆಯದೇ ಇದ್ದಿದ್ದರೆ 38,063 ಬರುತ್ತಿತ್ತು, 986 ಜಾಸ್ತಿ.

ಹಳೆಯ ಕಂಪನಿಗಳಲ್ಲಿ ಇನ್ನೊಂದು ವಿಷಯ ಕಡ್ಡಾಯವಾಗಿ ನೋಡಿ. ಹಿಂದಿನ ಕಾನೂನಿನಲ್ಲಿ ಅವಧಿ ನಿಗದಿಯಿಲ್ಲದ ಕಾಂಟ್ರಾಕ್ಟ್‌ನವರು ತಾವೇ ರಾಜೀನಾಮೆ ಕೊಟ್ಟರೆ, 1ರಿಂದ 3 ವರ್ಷದೊಳಗೆ ಮೂರನೇ ಒಂದು ಭಾಗ, 3ರಿಂದ 5 ವರ್ಷದೊಳಗೆ ಮೂರನೇ ಎರಡು ಭಾಗ ಮಾತ್ರ ಸಿಗುತ್ತಿತ್ತು. ಈಗ ಆ ಕಡಿತ ಇಲ್ಲ. ಆದರೂ ವರ್ಷ ವರ್ಷ ಕಾಪಿ ಮಾಡಿಕೊಂಡು ಬಂದ ವರ್ಕ್‌ಬುಕ್‌ಗಳಲ್ಲಿ ಆ `IF` ಸೂತ್ರ ಎಲ್ಲೋ ಮರೆಯಾದ ಕಾಲಂನಲ್ಲಿ ಕೂತಿರುತ್ತದೆ. ಐದು ವರ್ಷದ ಒಳಗಿನವರ ಮೊತ್ತ ಬೇಸಿಕ್‌ಗೆ ಹೋಲಿಸಿದರೆ ತೀರಾ ಕಮ್ಮಿ ಕಂಡರೆ ಮೊದಲು ಅದನ್ನೇ ಹುಡುಕಿ.

ಈಗ ವ್ಯತ್ಯಾಸಕ್ಕೆ ಬರೋಣ. ಲೆಡ್ಜರ್‌ನಲ್ಲಿ ಗ್ರಾಚ್ಯುಟಿ ಪ್ರೊವಿಷನ್ 1,62,400. ಶೀಟಿನಲ್ಲಿ 1,41,684. ಲೆಡ್ಜರ್‌ನಲ್ಲಿ 20,716 ಜಾಸ್ತಿ ಇದೆ.

ಇಲ್ಲಿ ಬಹಳ ಜನ ಮಾಡುವುದೇನು ಗೊತ್ತಾ? 20,716ಕ್ಕೆ ಒಂದೇ ಜರ್ನಲ್ ಹಾಕಿ, ಗ್ರಾಚ್ಯುಟಿ ಖರ್ಚು ಕಮ್ಮಿ ಮಾಡಿ, "ಶೀಟಿನ ಪ್ರಕಾರ ಸರಿ ಮಾಡಲಾಗಿದೆ" ಅಂತ ನೋಟ್ ಬರೆದು ಕಳಿಸುತ್ತಾರೆ. ನಾನು ಮೊದಲು ಕೆಲಸ ಮಾಡಿದ ಕಂಪನಿಯಲ್ಲಿ ಅದೇ ರೂಢಿ ಇತ್ತು, ನಾನೂ ಎರಡು ವರ್ಷ ಹಾಗೇ ಮಾಡಿದೆ. ಮೂರನೇ ವರ್ಷ ಹೊಸ ಆಡಿಟರ್ ಬಂದು ವ್ಯತ್ಯಾಸದ ಒಳಗೆ ಏನೇನಿದೆ ಅಂತ ಕೇಳಿದರು. ಹಿಂದಿನ ಎರಡು ವರ್ಷವನ್ನೂ ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಆ ಪಾಡು ನಿಮಗೆ ಬೇಡ.

ಈ ವ್ಯತ್ಯಾಸದಲ್ಲಿ ನಾಲ್ಕು ಸಂಗತಿಗಳಿವೆ. ದೊಡ್ಡದು, ಡಿಸೆಂಬರ್ 28ಕ್ಕೆ ಕೆಲಸ ಬಿಟ್ಟ ಒಬ್ಬ ಸೇಲ್ಸ್‌ಮನ್‌ನ ಸೆಟ್ಲ್‌ಮೆಂಟ್. ಕಾಂಟ್ರಾಕ್ಟ್ ಮುಗಿದ 14 ದಿನದೊಳಗೆ ಬಾಕಿ ಎಲ್ಲ ಕೊಡಬೇಕು ಅಂತ ಕಾನೂನು, ಕಂಪನಿ ಜನವರಿ 8ಕ್ಕೆ 14,300 ಕೊಟ್ಟಿದೆ. ಡಿಸೆಂಬರ್ 31ಕ್ಕೆ ಅವರು ನೌಕರರಲ್ಲ, ಅದಕ್ಕೆ ಶೀಟಿನಲ್ಲಿ ಹೆಸರಿಲ್ಲ. ಆದರೆ ಆ ಹಣ ಕೊಡಬೇಕಾದದ್ದು ಖಂಡಿತ. ಹಾಗಾಗಿ ಪ್ರೊವಿಷನ್‌ನಿಂದ ತೆಗೆದು 'ಕೊಡಬೇಕಾದ ಬಾಕಿ' ಖಾತೆಗೆ ಹಾಕಬೇಕು. ಲಾಭ ನಷ್ಟಕ್ಕೆ ಒಂದು ದಿರ್ಹಮ್ ವ್ಯತ್ಯಾಸವೂ ಆಗುವುದಿಲ್ಲ, ಸಾಲ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗುತ್ತದೆ ಅಷ್ಟೇ.

ಎರಡನೆಯದು ಆಗಸ್ಟ್‌ನದ್ದು. ಆಗ ಬಿಟ್ಟು ಹೋದ ಇನ್ನೊಬ್ಬರಿಗೆ ಕೊಟ್ಟ 9,800 ಗ್ರಾಚ್ಯುಟಿಯನ್ನು ಸಂಬಳದ ಖರ್ಚಿಗೆ ಬರೆದಿದ್ದಾರೆ. ಆ ಹಣಕ್ಕೆ ಹಿಂದಿನ ವರ್ಷಗಳಲ್ಲೇ ಪ್ರೊವಿಷನ್ ಮಾಡಿ ಖರ್ಚು ತೋರಿಸಿಯಾಗಿತ್ತು, ಈಗ ಎರಡನೇ ಸಲ ಖರ್ಚಾದಂತಾಯಿತು. ಪ್ರೊವಿಷನ್ ಡೆಬಿಟ್, ಸಂಬಳದ ಖರ್ಚು ಕ್ರೆಡಿಟ್. ಇಂಥದ್ದು ಹುಡುಕುವುದು ಸುಲಭ: ವರ್ಷದಲ್ಲಿ ಬಿಟ್ಟು ಹೋದವರ ಪಟ್ಟಿ ಎಚ್‌ಆರ್‌ನಿಂದ ತನ್ನಿ, ಪ್ರತಿ ಹೆಸರಿಗೂ ಪ್ರೊವಿಷನ್ ಖಾತೆಯಲ್ಲಿ ಒಂದು ಡೆಬಿಟ್ ಇದೆಯಾ ನೋಡಿ. ಇಲ್ಲದಿದ್ದರೆ ಹಣ ಬೇರೆಲ್ಲೋ ಕೂತಿದೆ.

ಮೂರನೆಯದು ಮೇಲೆ ಹೇಳಿದ 60 ದಿನದ ರಜೆಯ 986. ಅದು ಲೆಡ್ಜರ್‌ನಿಂದ ಕಮ್ಮಿ ಆಗುತ್ತದೆ.

ನಾಲ್ಕನೆಯದು ಉಲ್ಟಾ ದಿಕ್ಕಿನದು. ನವೆಂಬರ್‌ನಲ್ಲಿ ಇಬ್ಬರ ಬೇಸಿಕ್ ಏರಿತು, ಆದರೆ ತಿಂಗಳ ಜರ್ನಲ್ ಹಳೆಯ ಮೊತ್ತದಲ್ಲೇ ನಡೆಯಿತು. ಇಲ್ಲಿ ಒಂದು ವಿಷಯ ಚೆನ್ನಾಗಿ ಅರ್ಥ ಮಾಡಿಕೊಳ್ಳಬೇಕು. ಬೇಸಿಕ್ ಏರಿದರೆ ಎರಡು ತಿಂಗಳದ್ದು ಮಾತ್ರ ಜಾಸ್ತಿ ಆಗುವುದಲ್ಲ, ಕೊನೆಯ ಬೇಸಿಕ್ ಮೇಲೆ ಲೆಕ್ಕ ಆಗುವುದರಿಂದ ಹಿಂದಿನ ಸೇವೆ ಪೂರ್ತಿ ಹೊಸ ದರಕ್ಕೆ ಏರುತ್ತದೆ. 8 ವರ್ಷ ಸೇವೆಯವರ ಬೇಸಿಕ್ 5,000ದಿಂದ 5,500 ಆಯಿತು: ಆರೂವರೆ ತಿಂಗಳು ಗುಣಿಸು 500, ಅಂದರೆ 3,250. 4 ವರ್ಷದವರದು 4,000ದಿಂದ 4,400: 2.8 ಗುಣಿಸು 400, ಅಂದರೆ 1,120. ಒಟ್ಟು 4,370 ಪ್ರೊವಿಷನ್‌ಗೆ ಸೇರಬೇಕು, ಅದು ಈ ವರ್ಷದ ಖರ್ಚು.

ಈಗ ಕೂಡಿ ಕಳೆಯಿರಿ. 1,62,400ರಿಂದ 14,300, 9,800, 986 ಕಳೆದು 4,370 ಸೇರಿಸಿದರೆ 1,41,684. ಶೀಟಿಗೆ ತಾಳೆಯಾಯಿತು. ಲಾಭದ ಮೇಲೆ ನಿಜವಾದ ಪರಿಣಾಮ 6,416 ಮಾತ್ರ. ಒಂದೇ ಜರ್ನಲ್ ಹಾಕಿದ್ದರೆ ಲಾಭ 20,716 ಏರುತ್ತಿತ್ತು, 14,300 ಸುಳ್ಳು ಲಾಭ. ಲಾಭ 3,75,000 ದಿರ್ಹಮ್ ದಾಟಿದ ಕಂಪನಿಗೆ ಅದರ ಮೇಲೆ 9% ಕಾರ್ಪೊರೇಟ್ ಟ್ಯಾಕ್ಸ್ ಬೇರೆ, 1,287. ಜನವರಿಯಲ್ಲಿ ಹಣ ಕೊಟ್ಟಾಗ ಅದು 2025ರ ಖರ್ಚಾಗಿ ಬಿದ್ದು ಆ ವರ್ಷವನ್ನೂ ಕೆಡಿಸುತ್ತಿತ್ತು.

ಇದಾದ ಮೇಲೆ ವರ್ಷದ ಚಲನೆ ಒಂದು ಸಾಲಿನಲ್ಲಿ ತೋರಿಸಿ: ಆರಂಭದ ಬಾಕಿ 1,28,900, ವರ್ಷದ ಖರ್ಚು 36,884, ಕೊಟ್ಟದ್ದು 9,800, ಬಾಕಿ ಖಾತೆಗೆ ಹೋದದ್ದು 14,300, ಕೊನೆಗೆ 1,41,684. ಆರಂಭದ ಬಾಕಿ ಹೋದ ವರ್ಷದ ಆಡಿಟ್ ಆದ ವರದಿಯ ಅಂಕಿಯೇ ಆಗಿರಬೇಕು. ಕೊಟ್ಟದ್ದು 9,800 ನಗದು ಹರಿವಿನ ಪಟ್ಟಿಗೂ ಹೋಗುತ್ತದೆ, ಅಲ್ಲಿ 24,100 ಬರೆದರೆ ಬ್ಯಾಂಕಿಗೆ ತಾಳೆಯಾಗುವುದಿಲ್ಲ.

ನೋಟ್‌ನ ಇನ್ನೊಂದು ಭಾಗ, ಏನೇನು ಅಂದುಕೊಂಡು ಲೆಕ್ಕ ಮಾಡಿದ್ದೀರಿ ಅನ್ನುವುದು. ಇಂಗ್ಲಿಷ್‌ನಲ್ಲೇ ಬರೆಯುತ್ತೀರಿ, ಆದರೆ ಒಳಗಿನ ಮಾತು ಹೀಗಿರಲಿ:

"ದಿನದ ಬೇಸಿಕ್ ಅಂದರೆ ತಿಂಗಳ ಬೇಸಿಕ್ ಭಾಗಿಸು 30. ಹೋದ ವರ್ಷವೂ ಇದೇ ವಿಧಾನ. ವರ್ಷಕ್ಕೆ 365 ದಿನ ಹಿಡಿದಿದೆ. ಎಲ್ಲರೂ ಡಿಸೆಂಬರ್ 31ಕ್ಕೇ ಬಿಟ್ಟರೆ ಎಷ್ಟು ಕೊಡಬೇಕು ಅನ್ನುವ ಮೊತ್ತ ಇದು. ಮುಂದಿನ ಸಂಬಳ ಏರಿಕೆ, ಡಿಸ್ಕೌಂಟ್ ಲೆಕ್ಕಕ್ಕೆ ತಂದಿಲ್ಲ. ಒಂದು ವರ್ಷ ತುಂಬದ ಇಬ್ಬರಿಗೂ ಸೇರಿ 3,150 ಸೇರಿಸಿದೆ."

ಮೊದಲ ಸಾಲಿಗೆ ಕಾರಣ ಇದೆ. ಕೆಲವರು ವರ್ಷದ ಬೇಸಿಕ್ ಅನ್ನು 365ರಿಂದ ಭಾಗಿಸುತ್ತಾರೆ, ಆಗ ಪ್ರೊವಿಷನ್ ಸುಮಾರು 1.4% ಕಮ್ಮಿ ಬರುತ್ತದೆ. ಒಂದು ವರ್ಷ ಒಂದು ವಿಧಾನ, ಮರು ವರ್ಷ ಇನ್ನೊಂದು ಆದರೆ ಆಡಿಟರ್ ಖಂಡಿತ ಹಿಡಿಯುತ್ತಾರೆ.

ಡಿಸ್ಕೌಂಟ್ ಮಾಡದಿರುವುದಕ್ಕೂ ಆಧಾರ ಹೇಳಿ. ಈ ಕಂಪನಿ ಸಣ್ಣ ಕಂಪನಿಗಳ ಐಎಫ್‌ಆರ್‌ಎಸ್ ಪಾಲಿಸುತ್ತದೆ, ಆದಾಯ 5 ಕೋಟಿ ದಿರ್ಹಮ್ ಮೀರದಿದ್ದರೆ ಕಾರ್ಪೊರೇಟ್ ಟ್ಯಾಕ್ಸ್‌ಗೂ ಅದು ನಡೆಯುತ್ತದೆ. ಆಕ್ಚುವರಿ ಲೆಕ್ಕಕ್ಕೆ ವಿಪರೀತ ಖರ್ಚು, ಶ್ರಮ ಆಗುವಂತಿದ್ದರೆ ಅದರಲ್ಲಿ ಸರಳ ವಿಧಾನಕ್ಕೆ ಅವಕಾಶ ಇದೆ. ನಿಮ್ಮ ಕಂಪನಿ ಪೂರ್ತಿ ಐಎಫ್‌ಆರ್‌ಎಸ್ ಅಂದರೆ ಐಎಎಸ್ 19 ಹಾಗೆ ಸುಮ್ನೆ ಬಿಡುವುದಿಲ್ಲ. ಸರಳ ಮೊತ್ತಕ್ಕೂ ಆಕ್ಚುವರಿ ಮೊತ್ತಕ್ಕೂ ಹೆಚ್ಚು ಅಂತರ ಇಲ್ಲ ಅಂತ ನೀವೇ ತೋರಿಸಬೇಕಾಗುತ್ತದೆ.

ಕೊನೆಯ ಸಾಲಿನ 3,150 ಮೇಲೆ ಪ್ರಶ್ನೆ ಬರುವುದು ಜಾಸ್ತಿ. ವರ್ಷ ತುಂಬದವರಿಗೆ ಕಾನೂನಿನಲ್ಲಿ ಹಕ್ಕಿಲ್ಲ, ಮತ್ಯಾಕೆ ಸೇರಿಸಿದಿರಿ ಅಂತ ಕೇಳುತ್ತಾರೆ. ಹಕ್ಕು ಹುಟ್ಟುವುದು ವರ್ಷ ತುಂಬಿದ ಮೇಲೆ, ಆದರೆ ಆ ಹಣ ಮೊದಲ ದಿನದಿಂದ ಮಾಡಿದ ಕೆಲಸಕ್ಕೆ ಸಿಗುವಂಥದ್ದು, ಜನ ಸಾಮಾನ್ಯವಾಗಿ ವರ್ಷ ದಾಟಿ ಉಳಿಯುತ್ತಾರೆ. ಆ ಮಾತಿಗೆ ನಿಮ್ಮದೇ ಹಳೆಯ ಶೀಟಿನ ಪುರಾವೆ ಕೊಡಿ. ಹಿಂದಿನ ಮೂರು ವರ್ಷದಲ್ಲಿ ಸೇರಿದವರೆಷ್ಟು, ವರ್ಷದೊಳಗೆ ಬಿಟ್ಟವರೆಷ್ಟು, ಎರಡು ಅಂಕಿ ಸಾಕು. ಬಿಡುವವರೇ ಜಾಸ್ತಿ ಇರುವ ಕಂಪನಿ ಆಗಿದ್ದರೆ ಆ ಪಾಲನ್ನು ಕಳೆದು ಉಳಿದದ್ದನ್ನೇ ಇಡಿ.

ನೋಟ್ ಜೊತೆ ನಾಲ್ಕು ಹಾಳೆ ಲಗತ್ತಿಸಿ: ಸೇಲ್ಸ್‌ಮನ್ ಸಹಿ ಮಾಡಿದ ಸೆಟ್ಲ್‌ಮೆಂಟ್ ಪತ್ರದ ಜೊತೆ ಜನವರಿ 8ರ ಬ್ಯಾಂಕ್ ಸಾಲು, ಆಗಸ್ಟ್‌ನ ವೋಚರ್, ರಜೆಯ ಮಂಜೂರಾತಿ, ಇಬ್ಬರ ಬೇಸಿಕ್ ಏರಿಕೆಯ ಪತ್ರ. ಶೀಟಿನಲ್ಲಿ ಪ್ರತಿ ಹೊಂದಾಣಿಕೆಯ ಪಕ್ಕ ಹಾಳೆಯ ನಂಬರು ಬರೆಯಿರಿ. ಬೇಸಿಕ್ ಏರಿಕೆಯ ಪತ್ರದಲ್ಲಿ ಏರಿದ್ದು ನಿಜವಾಗಿ ಬೇಸಿಕ್ಕೋ ಭತ್ಯೆಯೋ ಅಂತ ಕಳಿಸುವ ಮುಂಚೆ ನೀವೇ ಒಮ್ಮೆ ಓದಿ. ಭತ್ಯೆ ಮಾತ್ರ ಏರಿದ್ದರೆ ಆ 4,370 ಬರುವುದೇ ಇಲ್ಲ.