ಶನಿವಾರ ಕಟ್ಟಿದ್ದು ಮಂಗಳವಾರ ಕೈಕೊಡಬಾರದು

ಆಫೀಸಿನಲ್ಲಿ ನನ್ನ ಅಕ್ಕಪಕ್ಕ ಕೂತವರು ವಾರಾಂತ್ಯದಲ್ಲಿ ಸ್ವಂತದ್ದೇನೋ ಶುರು ಮಾಡಿ ಕೈಬಿಟ್ಟಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಕೋಡ್ ಬರೆಯಲು ಬಾರದೆ ಸೋತವರು ಒಬ್ಬರೂ ಇಲ್ಲ. ಮಂಗಳವಾರ ಮಧ್ಯಾಹ್ನ ಮೀಟಿಂಗ್‌ನಲ್ಲಿ ಕೂತಿರುವಾಗ ಗ್ರಾಹಕರ ಫೋನ್ ಬರುತ್ತದೆ, 'ನಿಮ್ಮ ಆ್ಯಪ್ ತೆರೀತಾನೇ ಇಲ್ಲ' ಅಂತ. ಅಂಥ ನಾಲ್ಕು ಫೋನ್ ಬಂದರೆ ಆಸೆ ಮುಗಿಯಿತು. ಕೆಲಸ ಬಿಡುವಂತಿಲ್ಲ, ಫೋನ್ ಎತ್ತುವಂತಿಲ್ಲ. ಹಾಗಾಗಿ ಶುರುವಿನಲ್ಲೇ, ಸೋಮವಾರದಿಂದ ಶುಕ್ರವಾರದವರೆಗೆ ನೀವು ಬೇಕಾಗದಂಥ ಕೆಲಸ ಆರಿಸಿಕೊಳ್ಳಬೇಕು.

ಮೊದಲು ನೇಮಕಾತಿ ಪತ್ರ ತೆಗೆದು ಓದಿ. ಹೊರಗಿನ ಕೆಲಸದ ಬಗ್ಗೆ, ನೀವು ಬರೆದ ಕೋಡ್ ಯಾರದು ಅನ್ನುವುದರ ಬಗ್ಗೆ ಏನಿದೆ ನೋಡಿ. ಅನುಮತಿ ಬೇಕು ಅಂತಿದ್ದರೆ ಬರಹದಲ್ಲೇ ಕೇಳಿ. ಆಫೀಸಿನ ಲ್ಯಾಪ್‌ಟಾಪ್, ಆಫೀಸಿನ ಇಮೇಲ್, ಆಫೀಸಿನ ವೇಳೆ, ಮೂರನ್ನೂ ಮುಟ್ಟಬೇಡಿ. ಕಂಪನಿ ಮಾಡುವ ಕೆಲಸಕ್ಕೆ ಹತ್ತಿರದ್ದನ್ನಂತೂ ಬೇಡವೇ ಬೇಡ.

ಆಮೇಲೆ ಗಂಟೆ ಎಣಿಸಿ. ಶನಿವಾರ 3, ಭಾನುವಾರ 2 ಅಂದುಕೊಳ್ಳೋಣ. ತಿಂಗಳಿಗೆ 20 ಗಂಟೆ. ಲಾಗಿನ್, ಪಾಸ್‌ವರ್ಡ್ ಮರೆತರೆ ಏನು, ಪಾವತಿ ಪುಟ ಅಂತ ಕಟ್ಟುತ್ತಾ ಕೂತರೆ ಒಂದು ತಿಂಗಳು ಅಲ್ಲೇ ಕರಗುತ್ತದೆ. ಎಲ್ಲಾ ಸೇರಿಸಿ ಮಾರುವ ರೆಡಿಮೇಡ್ ಟೆಂಪ್ಲೇಟ್ ಕೊಂಡರೆ ಸಮಯ ಉಳಿಯುತ್ತದೆ ಅನ್ನಿಸುತ್ತದೆ, ನನಗೂ ಅನ್ನಿಸಿತ್ತು. ಉಳಿದಿದ್ದು ಎರಡು ವಾರ. ಆಮೇಲಿನ ಆರು ವಾರ ಅದರೊಳಗಿನ ಲೈಬ್ರರಿಗಳನ್ನು ಅಪ್‌ಡೇಟ್ ಮಾಡುತ್ತಾ ಕೂತಿದ್ದೆ.

ಈಗ ಕೆಲಸ ಆರಿಸುವುದು. ನಾನಂತೂ ಇಪ್ಪತ್ನಾಲ್ಕು ಗಂಟೆ ತೆರೆದಿರಬೇಕಾದ ಯಾವುದನ್ನೂ ಮುಟ್ಟಬೇಡಿ ಅನ್ನುತ್ತೇನೆ. ಬುಕಿಂಗ್ ಆ್ಯಪ್ ಬೇಡ, ಚಾಟ್ ಬೇಡ, ಬಿಲ್ಲಿಂಗ್ ಕೌಂಟರಿನ ಸಾಫ್ಟ್‌ವೇರ್ ಬೇಡ. ವಾರಕ್ಕೋ ತಿಂಗಳಿಗೋ ಒಂದು ಸಲ ಓಡಿ, ಒಂದು ಫೈಲ್ ಕೊಟ್ಟು ಸುಮ್ಮನಾಗುವ ಕೆಲಸ ಹುಡುಕಿ. ಅದು ಅರ್ಧ ದಿನ ತಡವಾದರೂ ಯಾರ ವ್ಯಾಪಾರವೂ ನಿಲ್ಲಬಾರದು.

ನನ್ನ ಸ್ನೇಹಿತನೊಬ್ಬ ಹಾಗೇ ಮಾಡಿದ. ಅವನ ಗ್ರಾಹಕ ಬಿಡಿಭಾಗಗಳ ವ್ಯಾಪಾರಿ. ಐದು ಸರಬರಾಜುದಾರರು ವಾರಕ್ಕೊಮ್ಮೆ ದರಪಟ್ಟಿ ಇಮೇಲ್ ಮಾಡುತ್ತಾರೆ, ಐದೂ ಬೇರೆ ಬೇರೆ ರೂಪದಲ್ಲಿ. ಅದನ್ನೆಲ್ಲ ಒಂದೇ ಹಾಳೆಗೆ ತರಬೇಕು, ಅಷ್ಟೇ. ಸ್ನೇಹಿತ ನಾಲ್ಕು ಶನಿವಾರ ಒಂದು ಸಾಲು ಕೋಡ್ ಕೂಡ ಬರೆಯದೆ ಕೈಯಲ್ಲೇ ಮಾಡಿದ. ಜನ ಎಡವುವುದು ಇಲ್ಲೇ. 'ನಾನು ಇಂಜಿನಿಯರ್, ಕಾಪಿ ಪೇಸ್ಟ್ ಮಾಡುತ್ತಾ ಕೂರಲಾ' ಅಂತ ಈ ಹೆಜ್ಜೆಯನ್ನೇ ಹಾರಿಸುತ್ತಾರೆ.

ಕೈಯಲ್ಲಿ ಮಾಡಿದ್ದಕ್ಕೆ ಅವನಿಗೆ ಸಿಕ್ಕಿದ್ದು ಇವು. ಒಬ್ಬರ ಪಟ್ಟಿಯಲ್ಲಿ ಭಾಗದ ಸಂಖ್ಯೆ 00457 ಅಂತಿತ್ತು. ಆ ಸಿಎಸ್‌ವಿ ಫೈಲನ್ನು ಸ್ಪ್ರೆಡ್‌ಶೀಟಿನಲ್ಲಿ ತೆರೆದ ಕೂಡಲೇ ಅದು 457 ಆಗಿಬಿಟ್ಟಿತು, ಹಳೆಯ ಪಟ್ಟಿಯ ಜೊತೆ ತಾಳೆಯೇ ಆಗಲಿಲ್ಲ. ಆ ಕಾಲಂ ಅನ್ನು ಸಂಖ್ಯೆಯಾಗಿ ಅಲ್ಲ, ಪಠ್ಯವಾಗಿ ಓದಬೇಕು. ಇನ್ನೊಬ್ಬರ ತಾರೀಕು 03/04. ಮಾರ್ಚೋ ಏಪ್ರಿಲ್ಲೋ, ಕೇಳಿಯೇ ತಿಳಿಯಬೇಕು. ಎಲ್ಲಕ್ಕಿಂತ ಮೋಸದ್ದು ಮೂರನೆಯದು: ಅವರು ಬರೆದಿದ್ದು 12ರ ಪೆಟ್ಟಿಗೆಯ ದರ, ಉಳಿದವರದು ಬಿಡಿ ದರ. ಫೈಲಿನಲ್ಲಿ ಎಲ್ಲೂ ಹಾಗೆ ಬರೆದಿರಲಿಲ್ಲ. 'ಇದೇನ್ರೀ ಇಷ್ಟು ದುಬಾರಿ' ಅಂತ ಆ ವ್ಯಾಪಾರಿಯೇ ನಕ್ಕಾಗ ಗೊತ್ತಾಯಿತು. ಮೊದಲೇ ಪ್ರೋಗ್ರಾಂ ಬರೆದಿದ್ದರೆ ಒಂದೂ ಎರರ್ ಇಲ್ಲದೆ ತಪ್ಪು ದರ ಹೋಗುತ್ತಿತ್ತು.

ಮೊದಲ ಶನಿವಾರ 1 ಗಂಟೆ 50 ನಿಮಿಷ ಹಿಡಿದಿದ್ದು ನಾಲ್ಕನೆಯದಕ್ಕೆ 50 ನಿಮಿಷಕ್ಕೆ ಇಳಿಯಿತು. ಆಮೇಲೆ ಅವನು ಮೂರು ಪಟ್ಟಿಗಳಿಗೆ ಮಾತ್ರ ಕೋಡ್ ಬರೆದ. ಉಳಿದೆರಡು ವಾರಕ್ಕೊಂದು ರೂಪ ಬದಲಿಸುತ್ತಿದ್ದವು, ಅವು ಕೈಕೆಲಸವಾಗಿಯೇ ಉಳಿದವು. ಇದು ಸರಿಯಾದ ಸೋಮಾರಿತನ.

ಕೋಡ್ ಬರೆಯುವುದು ನಿಮಗೆ ಹೇಳಿಕೊಡಬೇಕಿಲ್ಲ. ಕೆಟ್ಟಾಗ ತಿಳಿಯುವುದು ಹೇಗೆ ಅನ್ನುವುದಕ್ಕೆ ಮಾತ್ರ ಒಂದು ಇಡೀ ವಾರಾಂತ್ಯ ಕೊಡಿ. ಬಹಳ ಜನ 'ಎರರ್ ಬಂದರೆ ಇಮೇಲ್ ಕಳಿಸು' ಅಂತ ಬರೆದು ನೆಮ್ಮದಿಯಾಗುತ್ತಾರೆ. ಸರ್ವರೇ ಮಲಗಿದ್ದರೆ ಆ ಇಮೇಲ್ ಕಳಿಸುವವರು ಯಾರು? ತಿರುಗಿಸಿ ಮಾಡಿ. ಕೆಲಸ ಸರಿಯಾಗಿ ಮುಗಿದಾಗ ಹೊರಗಿನ ಇನ್ನೊಂದು ಜಾಗಕ್ಕೆ 'ಆಯಿತು' ಅನ್ನುವ ಸುದ್ದಿ ಹೋಗಲಿ. ಹೇಳಿದ ಹೊತ್ತಿಗೆ ಸುದ್ದಿ ಬರದಿದ್ದರೆ ಆ ಜಾಗ ನಿಮ್ಮನ್ನು ಎಬ್ಬಿಸಲಿ. ಕ್ರಾನ್‌ನಲ್ಲಿ ಅದು ಒಂದೇ ಸಾಲು:

```
0 4 * * 6 flock -n /tmp/rates.lock /home/app/run.sh && curl -fsS https://ping.example.com/rates
```

`6` ಅಂದರೆ ಶನಿವಾರ. `flock` ಇದ್ದರೆ ಹಳೆಯ ಓಟ ಮುಗಿಯದೆ ಹೊಸದು ಶುರುವಾಗುವುದಿಲ್ಲ. `&&` ಇರುವುದರಿಂದ ಸ್ಕ್ರಿಪ್ಟ್ ಸೋತರೆ ಸುದ್ದಿ ಹೋಗುವುದಿಲ್ಲ. ಸರ್ವರಿನ ಗಡಿಯಾರ ಎಷ್ಟೋ ಕಡೆ ಯುಟಿಸಿಯಲ್ಲಿರುತ್ತದೆ, ನಿಮ್ಮ 4 ಗಂಟೆ ಅದರ 4 ಗಂಟೆ ಅಲ್ಲದಿರಬಹುದು, ಒಮ್ಮೆ `date` ಹೊಡೆದು ನೋಡಿ.

ಆದರೆ ಸ್ಕ್ರಿಪ್ಟ್ ಗೆದ್ದೆ ಅಂದುಕೊಂಡು ಸೋಲುವುದೂ ಉಂಟು. ಒಂದು ವಾರ ಒಬ್ಬರಿಂದ ಖಾಲಿ ಫೈಲ್ ಬಂತು. ಓದಿತು, ಸೊನ್ನೆ ಸಾಲು ಸಿಕ್ಕಿತು, ಖುಷಿಯಾಗಿ 'ಆಯಿತು' ಅಂದಿತು. ಆ ಸರಬರಾಜುದಾರರ ದರಗಳೆಲ್ಲ ಹಾಳೆಯಿಂದ ಮಾಯ. ಅಂದಿನಿಂದ ಸ್ನೇಹಿತ ಎರಡು ತಡೆ ಹಾಕಿದ. ಸಾಲುಗಳ ಎಣಿಕೆ ಹಿಂದಿನ ವಾರಕ್ಕಿಂತ ಶೇ 20ಕ್ಕಿಂತ ಜಾಸ್ತಿ ಹೆಚ್ಚುಕಮ್ಮಿಯಾದರೆ ಹಳೆಯ ಪಟ್ಟಿಯನ್ನೇ ಉಳಿಸಿಕೊಂಡು `exit 1`. ಒಂದೇ ವಸ್ತುವಿನ ದರ ಶೇ 40ರಷ್ಟು ಜಿಗಿದರೆ ಆ ಸಾಲಿಗೆ ಹಳದಿ ಬಣ್ಣ, ಮನುಷ್ಯ ನೋಡುವವರೆಗೆ ಹಳೆಯ ದರ. ಈ ಅಂಕೆಗಳು ಅವನ ಪಟ್ಟಿಗಳಿಗೆ ಹೊಂದಿದವು. ನಿಮ್ಮವನ್ನು ಆ ನಾಲ್ಕು ವಾರದ ಕೈಕೆಲಸದಿಂದ ತೆಗೆಯಿರಿ.

ಒಂದು ಅಡ್ಡದಾರಿ ಹೇಳುತ್ತೇನೆ. ಭಾನುವಾರ ಕೆಲಸ ಮುಗಿಸಿ ಏಳುವ ಮುಂಚಿನ 10 ನಿಮಿಷದಲ್ಲಿ, ಮುಂದಿನ ಕೆಲಸಕ್ಕೆ ಬೇಕಾದ ಟೆಸ್ಟ್ ಒಂದನ್ನು ಬರೆದು, ಫೇಲ್ ಆಗುವ ಸ್ಥಿತಿಯಲ್ಲೇ ಬಿಡಿ. ಆರು ದಿನ ಬಿಟ್ಟು ಬಂದಾಗ 'ಎಲ್ಲಿದ್ದೆ ನಾನು' ಅಂತ ಮುಕ್ಕಾಲು ಗಂಟೆ ತಡಕಾಡುವುದು ತಪ್ಪುತ್ತದೆ. ಟು-ಡೂ ಆ್ಯಪ್‌ಗಳಿಂದ ಈ ಕೆಲಸ ಆಗುವುದಿಲ್ಲ, ಅವುಗಳನ್ನು ತೆರೆಯುವುದೇ ಇನ್ನೊಂದು ಕೆಲಸ.

ಹಣ ಮುಂಗಡವಾಗಿಯೇ ತೆಗೆದುಕೊಳ್ಳಿ, ಮೂರು ತಿಂಗಳದ್ದು. ಬೇಡ ಅಂದರೆ ಉಳಿದದ್ದು ವಾಪಸ್ ಅಂತ ಬರೆದುಕೊಡಿ. ಐದು ಗ್ರಾಹಕರಾಗುವವರೆಗೆ ಪಾವತಿ ಪುಟ ಬೇಡ, ಬ್ಯಾಂಕ್ ವರ್ಗಾವಣೆ ಸಾಕು. ಫೋನ್ ನಂಬರ್ ಕೊಡಬೇಡಿ. ಇಮೇಲ್ ಕೊಟ್ಟು, ಉತ್ತರ ಶನಿವಾರ ಬರುತ್ತದೆ ಅಂತ ಮೊದಲೇ ಹೇಳಿ. ಇದಕ್ಕೆ ಒಪ್ಪದ ಗ್ರಾಹಕರು ನಿಮಗೆ ಹೊಂದುವವರಲ್ಲ, ಬಿಟ್ಟುಬಿಡಿ.

ಸ್ನೇಹಿತನ ಆಫೀಸಿನಲ್ಲಿ ಒಮ್ಮೆ ರಿಲೀಸ್ ಬಂದು ಸತತ ಮೂರು ಶನಿವಾರ ಹೋದವು. ಮೂರು ಪಟ್ಟಿ ತಾವಾಗಿಯೇ ಹೋದವು, ಕೈಯಲ್ಲಿ ಮಾಡುವ ಎರಡು ನಿಂತವು. ಅಂಜುತ್ತಲೇ ಇಮೇಲ್ ಬರೆದ. 'ಆ ಎರಡನ್ನ ನಮ್ಮ ಹುಡುಗನೇ ಮಾಡ್ಕೊತಾನೆ ಬಿಡಿ ಸರ್, ಹೇಗೆ ಅಂತ ಒಂದು ಸಲ ತೋರಿಸಿ' ಅಂತ ಉತ್ತರ ಬಂತು. ಮುಂದಿನ ಭಾನುವಾರ ಅರ್ಧ ಗಂಟೆ ಕೂತು ತೋರಿಸಿದ. ಅಲ್ಲಿಗೆ ವಾರಕ್ಕೆ 20 ನಿಮಿಷ ಉಳಿಯಿತು.